ಹದಿಮೂರನೇ ತಿಂಗಳ ದರಬಾರು

ಅಧಿಕಮಾಸದ ಮೇಲೆ ನಮ್ಮ ಜನಕ್ಕೆ ಅದೇನು ಕೋಪವೋ. ಕಷ್ಟದ ಮೇಲೆ ಕಷ್ಟ ಬಂದರೆ ‘ಬರಗಾಲದಲ್ಲಿ ಅಧಿಕಮಾಸ’ ಅಂದುಬಿಡುತ್ತೇವೆ. ಕಣಜದಲ್ಲಿ ಕಾಳಿಲ್ಲದ ವರ್ಷ ಹನ್ನೆರಡು ತಿಂಗಳು ದೂಡುವುದೇ ಸಾಕುಬೇಕಾಗಿರುವಾಗ ಹದಿಮೂರನೆಯದು ಬಂದು ಕೂತರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ ಹೇಳಿ. ಮದುವೆ ಇಲ್ಲ, ಮುಂಜಿ ಇಲ್ಲ, ಗೃಹಪ್ರವೇಶ ಇಲ್ಲ. ಕಲ್ಯಾಣಮಂಟಪದವರು, ಓಲಗದವರು, ಅಡುಗೆ ಭಟ್ಟರು ಎಲ್ಲರೂ ಕೈಕಟ್ಟಿ ಕೂರುತ್ತಾರೆ. ಕುಶಿಪಡುವವನು ಒಬ್ಬನೇ, ಅಳಿಯ. ಅವನಿಗೆ ಅತ್ತೆಮನೆಯಲ್ಲಿ ಊಟ, ದಕ್ಷಿಣೆ, ಜೊತೆಗೆ ಲೆಕ್ಕ ಹಾಕಿ ಮೂವತ್ತಮೂರು ಅಪೂಪ.

“ಮೂರು ವರ್ಷಕ್ಕೊಂದು ಸಲ ಪುರೋಹಿತರು ಒಂದು ತಿಂಗಳು ತುರುಕುತ್ತಾರಲ್ಲ, ಅವರಿಗೇನು ಲಾಭ?” ಅಂತ ನಮ್ಮ ದೊಡ್ಡಮ್ಮನನ್ನು ಕೇಳಿದೆ. ಅವರು ಕನ್ನಡಕ ಏರಿಸಿ, “ತುರುಕೋದಕ್ಕೆ ಅದೇನು ಹೂರಣವೇನೋ? ಸಂಕ್ರಾಂತಿ ಇಲ್ಲದ ತಿಂಗಳು ಅಧಿಕ. ನೋಡ್ಕೋ ಹೋಗು” ಅಂತ ಪಂಚಾಂಗವನ್ನು ನನ್ನ ಮಡಿಲಿಗೆ ಎಸೆದರು. ಇಡೀ ವ್ಯವಹಾರ ಆ ಒಂದೇ ವಾಕ್ಯದಲ್ಲಿದೆ.

ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29 ದಿನ ಹನ್ನೆರಡೂಮುಕ್ಕಾಲು ಗಂಟೆ. ಅಂಥ ಹನ್ನೆರಡು ತಿಂಗಳು ಕೂಡಿಸಿದರೆ 354 ದಿನವಷ್ಟೆ. ಸೂರ್ಯನಿಗೆ ಒಂದು ಸುತ್ತಿಗೆ 365 ದಿನ ಬೇಕು. ವರ್ಷವರ್ಷವೂ ಹನ್ನೊಂದು ದಿನದ ಬಾಕಿ. ಇದನ್ನು ತೀರಿಸದೇ ಬಿಟ್ಟರೆ ಹದಿನಾರು ಹದಿನೇಳು ವರ್ಷದಲ್ಲಿ ಯುಗಾದಿಗೂ ದೀಪಾವಳಿಗೂ ಜಾಗ ಅದಲುಬದಲು. ಬೇವಿನ ಹೂ ಇಲ್ಲದ ಕಾಲದಲ್ಲಿ ಬೇವುಬೆಲ್ಲ, ಏಪ್ರಿಲ್ಲಿನ ಬೆವರಲ್ಲಿ ಅಭ್ಯಂಜನ. ಹಿಜರಿ ಪಂಚಾಂಗದವರು ಈ ಬಾಕಿಯನ್ನು ಬೇಕೆಂದೇ ತೀರಿಸುವುದಿಲ್ಲ, ಅಧಿಕಮಾಸ ಬೇಡವೆಂಬುದು ಅವರ ನಿಯಮ. ಹಾಗಾಗಿ ರಂಜಾನ್, ಮೊಹರಂ ಎರಡೂ ಸುಮಾರು 33 ವರ್ಷದಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತವೆ. ನಮ್ಮ ಕರಾವಳಿಯ ತುಳುವರು ಇನ್ನೂ ಜಾಣರು. ಅವರದು ಸೌರಮಾನ, ಬಿಸು ಬರುವುದೇ ಮೇಷ ಸಂಕ್ರಮಣಕ್ಕೆ, ಬಾಕಿಯ ಮಾತೇ ಇಲ್ಲ. ಚಂದ್ರನೂ ಬೇಕು, ಸೂರ್ಯನೂ ಬೇಕು ಅಂತ ಹಟ ಹಿಡಿದು ಕೂತವರು ಚಾಂದ್ರಮಾನದ ನಾವು. ಹಟ ಮಾಡಿದ ಮೇಲೆ ಲೆಕ್ಕ ಇಡಬೇಕು.

ಲೆಕ್ಕವನ್ನು ಹಿಂದಿನವರು ಬಲು ಚೆಂದವಾಗಿ ಇಟ್ಟಿದ್ದಾರೆ. ಒಂದೊಂದು ಚಾಂದ್ರ ಮಾಸಕ್ಕೂ ಒಂದೊಂದು ಸಂಕ್ರಾಂತಿಯನ್ನು ಗಂಟು ಹಾಕಿದ್ದಾರೆ. ಸೂರ್ಯ ಮೇಷಕ್ಕೆ ಕಾಲಿಡುವ ತಿಂಗಳು ಚೈತ್ರ, ಕರ್ಕಾಟಕಕ್ಕೆ ಹೋಗುವುದು ಆಷಾಢ, ಸಿಂಹಕ್ಕೆ ಶ್ರಾವಣ, ಕನ್ಯಾಕ್ಕೆ ಭಾದ್ರಪದ. ಸೂರ್ಯ ಒಂದು ರಾಶಿಯಲ್ಲಿ ಸರಾಸರಿ ಮೂವತ್ತು ದಿನ ಹತ್ತೂವರೆ ಗಂಟೆ ಇರುತ್ತಾನೆ. ಚಂದ್ರನ ತಿಂಗಳು ಅದಕ್ಕಿಂತ ಚಿಕ್ಕದು. ಹೀಗಾಗಿ ಸಂಕ್ರಾಂತಿ ತಿಂಗಳಿಂದ ತಿಂಗಳಿಗೆ ಹಿಂದೆ ಬೀಳುತ್ತಾ ಬೀಳುತ್ತಾ, ಎಂದೋ ಒಂದು ಸಲ ಎರಡು ಅಮಾವಾಸ್ಯೆಗಳ ನಡುವೆ ಸಂಕ್ರಾಂತಿಯೇ ಬರುವುದಿಲ್ಲ. ಗಂಟು ಹಾಕಲು ಸಂಕ್ರಾಂತಿ ಸಿಗದ ಆ ತಿಂಗಳಿಗೆ ಸ್ವಂತ ಹೆಸರೂ ಇಲ್ಲ. ಮುಂದೆ ಬರುವ ತಿಂಗಳಿಂದ ಹೆಸರನ್ನು ಕಡ ತಂದು ‘ಅಧಿಕ’ ಅನ್ನಿಸಿಕೊಳ್ಳುತ್ತದೆ. ಹಬ್ಬಗಳೆಲ್ಲ ಅದರ ಹಿಂದೆ ಬರುವ ನಿಜ ಮಾಸಕ್ಕೆ.

2023ರ ಶ್ರಾವಣವನ್ನೇ ನೋಡಿ. ಆ ವರ್ಷ ಜುಲೈ 17ರ ಮುಂಜಾನೆ ಸೂರ್ಯ ಕರ್ಕಾಟಕಕ್ಕೆ ಹೋದ. ಅದೇ ದಿನ ನಡುರಾತ್ರಿಯ ಹೊತ್ತಿಗೆ ಅಮಾವಾಸ್ಯೆ ಮುಗಿಯಿತು. ಕರ್ಕ ಸಂಕ್ರಾಂತಿ ಆಷಾಢದ ಬಾಲ ಹಿಡಿದು ಒಳಗೆ ನುಸುಳಿಬಿಟ್ಟಿತು ಅನ್ನಿ. ಮುಂದಿನ ಅಮಾವಾಸ್ಯೆ ಮುಗಿದದ್ದು ಆಗಸ್ಟ್ 16ರ ಮಧ್ಯಾಹ್ನ. ಸೂರ್ಯ ಸಿಂಹಕ್ಕೆ ಹೋದದ್ದು ಆಗಸ್ಟ್ 17ರ ಮಧ್ಯಾಹ್ನ! ಒಂದೇ ಒಂದು ದಿನ ಮೊದಲು ಹೊರಟಿದ್ದರೆ ಆ ತಿಂಗಳೇ ನಿಜ ಶ್ರಾವಣವಾಗಿ, ವರಮಹಾಲಕ್ಷ್ಮಿಗೆ ಜುಲೈ ಕೊನೆಯಲ್ಲೇ ಸೀರೆ ಉಡಿಸಬೇಕಾಗುತ್ತಿತ್ತು. ಒಂದು ದಿನದ ಸೋಮಾರಿತನಕ್ಕೆ ಅವಳು ಆಗಸ್ಟ್ 25ರ ತನಕ ಕಾದಳು. ಮಲ್ಲಿಗೆ, ಸೇವಂತಿಗೆ ಮಾರುವವರೂ ಕಾದರು.

ಇದರ ಪರಿಣಾಮವನ್ನು ಗಣೇಶ ಚತುರ್ಥಿಯಲ್ಲಿ ಕಣ್ಣಾರೆ ನೋಡಬಹುದು. 2021ರಲ್ಲಿ ಸೆಪ್ಟೆಂಬರ್ 10, 2022ರಲ್ಲಿ ಆಗಸ್ಟ್ 31. ಹೀಗೇ ಜಾರಿದ್ದರೆ 2023ರಲ್ಲಿ ಆಗಸ್ಟ್ 20ಕ್ಕೆ ಬರಬೇಕಿತ್ತು. ಅಧಿಕ ಶ್ರಾವಣ ನಡುವೆ ನಿಂತು ಅವನನ್ನು ಸೆಪ್ಟೆಂಬರ್ 18ಕ್ಕೆ ತಳ್ಳಿತು. ಆಮೇಲೆ ಮತ್ತೆ ಜಾರುಬಂಡಿ: 2024ರಲ್ಲಿ ಸೆಪ್ಟೆಂಬರ್ 7, 2025ರಲ್ಲಿ ಆಗಸ್ಟ್ 27. 2026ರಲ್ಲಿ ಜ್ಯೇಷ್ಠ ಅಧಿಕ, ಗಣಪ ಸೆಪ್ಟೆಂಬರ್ 14ಕ್ಕೆ. ಹೀಗೆ ಎರಡು ಸಲ ಹಿಂದಕ್ಕೆ, ಒಂದು ಸಲ ಮುಂದಕ್ಕೆ ಜಗ್ಗಿದರೂ ಭಾದ್ರಪದದ ಗಂಟು ಕನ್ಯಾ ಸಂಕ್ರಾಂತಿಗೆ ಇರುವುದರಿಂದ ಅವನು ಆಗಸ್ಟ್ ಕೊನೆಯ ಭಾಗಕ್ಕಿಂತ ಹಿಂದಕ್ಕೂ ಸೆಪ್ಟೆಂಬರ್ ಮೂರನೇ ವಾರಕ್ಕಿಂತ ಮುಂದಕ್ಕೂ ಹೋಗಲಾರ. ಮಳೆಗಾಲದ ಕೊನೆಗೆ ಕೆರೆ ತುಂಬಿರಬೇಕು, ಅವನು ಮುಳುಗಬೇಕು. ತಾರೀಖು ಒಂದು ತಿಂಗಳು ಓಲಾಡುತ್ತದೆ ನಿಜ, ಆದರೆ ಋತು ಕೈತಪ್ಪುವುದಿಲ್ಲ. ಪ್ರತಿವರ್ಷ ‘ಈ ಸಲ ಹಬ್ಬ ಬೇಗ ಬಂತಲ್ಲ’ ಅಂತ ರಾಗ ಎಳೆಯುವವರು ಇಷ್ಟನ್ನು ನೆನಪಿಟ್ಟುಕೊಂಡರೆ ಚೆನ್ನಾಗಿತ್ತು, ಆದರೆ ಆಮೇಲೆ ಅವರಿಗೆ ಮಾತಾಡಲು ಏನೂ ಉಳಿಯುವುದಿಲ್ಲ.

ಮೂರು ವರ್ಷಕ್ಕೊಮ್ಮೆ ಅನ್ನುವುದು ಬಾಯಿಮಾತು. ಹತ್ತೊಂಬತ್ತು ವರ್ಷಕ್ಕೆ ಏಳು ಬರುತ್ತವೆ. ಎಲ್ಲ ತಿಂಗಳಿಗೂ ಸಮಪಾಲೂ ಇಲ್ಲ. ಭೂಮಿ ಸೂರ್ಯನಿಂದ ದೂರವಿರುವ ಜೂನ್-ಜುಲೈನಲ್ಲಿ ಸೂರ್ಯನ ನಡಿಗೆ ನಿಧಾನ, ಮಿಥುನದಲ್ಲಿ ಮೂವತ್ತೊಂದೂವರೆ ದಿನ ಬೀಡುಬಿಡುತ್ತಾನೆ. ಅಧಿಕಮಾಸಗಳು ಹೆಚ್ಚಾಗಿ ವೈಶಾಖದಿಂದ ಆಶ್ವಯುಜದೊಳಗೆ ಬೀಳುವುದು ಇದಕ್ಕೇ. ಡಿಸೆಂಬರ್-ಜನವರಿಯಲ್ಲಿ ಅವನಿಗೆ ಚಳಿಗೋ ಏನೋ ಅವಸರ, ಧನುರಾಶಿಯನ್ನು ಇಪ್ಪತ್ತೊಂಬತ್ತೂವರೆ ದಿನದೊಳಗೆ ದಾಟುತ್ತಾನೆ. ಅಲ್ಲಿ ಅಪರೂಪಕ್ಕೆ ಒಂದೇ ತಿಂಗಳಲ್ಲಿ ಎರಡು ಸಂಕ್ರಾಂತಿ ಬಿದ್ದು ಒಂದು ಮಾಸವೇ ನುಂಗಿಹೋಗುವುದುಂಟು. ಅದು ಕ್ಷಯಮಾಸ. 1983ರಲ್ಲಿ ಮಾಘ ಹೀಗೇ ಮಾಯವಾಯಿತು. ಅದರ ಹಿಂದೆ ಆಶ್ವಯುಜ, ಮುಂದೆ ಫಾಲ್ಗುಣ ಎರಡೂ ಅಧಿಕ ಬಂದು ಲೆಕ್ಕ ಸರಿಹೋಯಿತು.

ಆದರೆ 2015ರಲ್ಲಿ ಹೊಸದಾಗಿ ಮದುವೆಯಾದವರ ಗೋಳು ಕೇಳಬೇಡಿ. ಆ ವರ್ಷ ಅಧಿಕವಾದದ್ದು ಆಷಾಢ! ಜೂನ್ 17ರಿಂದ ಆಗಸ್ಟ್ 14ರವರೆಗೆ ಎರಡೆರಡು ಆಷಾಢ. ಸೊಸೆಯನ್ನು ತವರಿಗೆ ಕಳಿಸುವ ಸಂಪ್ರದಾಯದವರ ಮನೆಗಳಲ್ಲಿ ಶಾಸ್ತ್ರ ಯಾವುದಕ್ಕೆ, ನಿಜಕ್ಕೋ ಅಧಿಕಕ್ಕೋ ಎಂಬ ಚರ್ಚೆ ಎಷ್ಟು ಕಾವೇರಿರಬೇಕು, ಊಹಿಸಿ. ಗಂಡುಗಳು ಅಂದು ಮೊದಲ ಸಲ ಪಂಚಾಂಗ ಓದಿರಬಹುದು.

ಇಷ್ಟೆಲ್ಲ ಕಲಿತ ಮೇಲೆ ದೊಡ್ಡಮ್ಮನ ಮುಂದೆ ಜಂಬ ಕೊಚ್ಚದೇ ಇರಲಾದೀತೆ? “ನಿಮ್ಮ ಅಧಿಕಮಾಸಕ್ಕೂ ಒಂದು ತೂತು ಇದೆ ದೊಡ್ಡಮ್ಮ” ಅಂದೆ. ಪಂಚಾಂಗ ಸೂರ್ಯನನ್ನು ಅಳೆಯುವುದು ನಕ್ಷತ್ರಗಳ ಲೆಕ್ಕದಲ್ಲಿ. ಋತುಗಳ ವರ್ಷ ಅದಕ್ಕಿಂತ ಸುಮಾರು 20 ನಿಮಿಷ ಚಿಕ್ಕದು. ಆ ಇಪ್ಪತ್ತು ನಿಮಿಷವನ್ನು ಅಧಿಕಮಾಸ ಹಿಡಿಯಲಾರದು, 71 ವರ್ಷಕ್ಕೊಂದು ದಿನದಂತೆ ಹಬ್ಬಗಳೆಲ್ಲ ಋತುವಿಗಿಂತ ತಡವಾಗುತ್ತಾ ಹೋಗುತ್ತವೆ. ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ಕ್ಕೆ, ನಾವು ಎಳ್ಳು ಬೀರುವುದು ಜನವರಿ 14-15ಕ್ಕೆ. ಸುಮಾರು 1700 ವರ್ಷದ ಹಿಂದೆ ಎರಡೂ ಒಂದೇ ದಿನವಿದ್ದವು. ಮೇಘನಾದ ಸಾಹಾ ಅವರ ಸಮಿತಿ ಇದನ್ನೆಲ್ಲ ಸರಿಮಾಡಲು ಹೊರಟಿತು, 1957ರಿಂದ ಜಾರಿಯಾದ ರಾಷ್ಟ್ರೀಯ ಪಂಚಾಂಗದಲ್ಲಿ ವರ್ಷವನ್ನು ಋತುವಿಗೇ ಕಟ್ಟಿತು. ಅದನ್ನು ನೋಡಿ ಹಬ್ಬ ಮಾಡುವವರನ್ನು ನಾನಂತೂ ಕಂಡಿಲ್ಲ.

ದೊಡ್ಡಮ್ಮ ಎಲ್ಲವನ್ನೂ ಸಮಾಧಾನವಾಗಿ ಕೇಳಿಸಿಕೊಂಡರು. “ಎಪ್ಪತ್ತೊಂದು ವರ್ಷಕ್ಕೆ ಒಂದು ದಿನ ತಾನೇ? ನೀನು ದೀಪಾವಳಿಗೆ ಬರ್ತೀನಿ ಅಂತ ಹೇಳಿ ಮೂರು ದಿನ ಬಿಟ್ಟು ಬಂದೆಯಲ್ಲೋ” ಅಂದು, ಅಳಿಯನಿಗೆ ಮೂವತ್ತಮೂರು ಅಪೂಪಕ್ಕೆ ಎಷ್ಟು ಸೇರು ಅಕ್ಕಿ ನೆನೆಹಾಕಬೇಕು ಅಂತ ಲೆಕ್ಕ ಶುರುಮಾಡಿದರು.