ವಿಚ್ ಮೇಷ್ಟ್ರು

ಅಂಬ್ಲಿಗೊಳದಲ್ಲಿ ಬಸ್ಸಿಗೆ ಕಾಯುವವರೆಲ್ಲ ‘ಶಿಕಾರಿಪುರದ ಬಸ್ಸು ಹೋಯ್ತಾ?’ ಅಂತ ಕೇಳುತ್ತಾರೆ. ನಮ್ಮ ರಿಟೈರ್ಡ್ ಇಂಗ್ಲಿಷ್ ಮೇಷ್ಟ್ರು ಮಾತ್ರ ‘ಯಾವ ಬಸ್ಸು ಒಂಬತ್ತಕ್ಕೆ ಶಿಕಾರಿಪುರಕ್ಕೆ ಹೋಗುತ್ತದೆಯೋ ಆ ಬಸ್ಸು ಹೋಯಿತೇ?’ ಎನ್ನುತ್ತಾರೆ. ಅವರು ‘ಆ ಬಸ್ಸು’ ತಲುಪುವಷ್ಟರಲ್ಲಿ ಬಸ್ಸು ತಿರುವು ದಾಟಿರುತ್ತದೆ. ಎರಡು ವಾಕ್ಯಗಳನ್ನು ಒಂದು ಮಾಡಿ ಮಾಡಿ, ಒಂದೇ ವಾಕ್ಯವನ್ನು ಸುಮ್ಮನೆ ಆಡುವುದೇ ಅವರಿಗೆ ಮರೆತುಹೋಗಿದೆ. ಊರು ಅವರನ್ನು ವಿಚ್ ಮೇಷ್ಟ್ರು ಅಂತಲೇ ಕರೆಯುವುದು.

ಜೇಬಿನಲ್ಲಿ ಸದಾ ಒಂದು ಕೆಂಪು ಪೆನ್ನು. ಸಂಜೆ ಅವರ ಜಗುಲಿಯ ಮೇಲೆ ಹತ್ತನೇ ಕ್ಲಾಸಿನ ಹುಡುಗರು. ಫೀಸಿಲ್ಲ, ತೋಟ ಇದ್ದವರು ಆಗೀಗ ಒಂದು ಬಾಳೆಗೊನೆ ತಂದಿಟ್ಟರೆ ಬೇಡ ಅನ್ನುವುದಿಲ್ಲ. ಮೊನ್ನೆ ನಾನು ಹೋದಾಗ ಒಬ್ಬ ಹುಡುಗ ‘ದಿಸ್ ಈಸ್ ದ ಬಫಲೋ’, ‘ಮೈ ಫಾದರ್ ಬಾಟ್ ಇಟ್ ಇನ್ ಸೊರಬ’ ಎಂಬೆರಡನ್ನು ಜೋಡಿಸಿ ಓದುತ್ತಿದ್ದ: ‘ದಿಸ್ ಈಸ್ ದ ಬಫಲೋ ವಿಚ್ ಮೈ ಫಾದರ್ ಬಾಟ್ ಇಟ್ ಇನ್ ಸೊರಬ.’

‘ನಿಮ್ಮಪ್ಪ ಎಷ್ಟು ಎಮ್ಮೆ ತಂದ್ರೋ?’

‘ಒಂದೇ ಸಾರ್.’

‘ನಿನ್ನ ವಾಕ್ಯದಲ್ಲಿ ಎರಡಿದಾವಲ್ಲೋ! ವಿಚ್ ಒಂದು, ಇಟ್ ಒಂದು. ಎರಡಕ್ಕೂ ಹುಲ್ಲು ಹಾಕೋರ್ಯಾರು?’

ಕೆಂಪು ಪೆನ್ನು ಹೊರಬಂತು. ಎರಡೂ ವಾಕ್ಯದಲ್ಲಿ ಒಂದೇ ಪ್ರಾಣಿ ಯಾವುದು ಅಂತ ನೋಡಬೇಕು. ಬಫಲೋ ಮತ್ತು ಇಟ್. ಎರಡನೇ ವಾಕ್ಯದ ಇಟ್ ಅನ್ನು ಹೊಡೆದುಹಾಕಿ, ಅದರ ಬದಲಿಗೆ ವಿಚ್ ಬರೆದು, ಆ ವಿಚ್ಚನ್ನು ವಾಕ್ಯದ ತಲೆಗೆ ಎಳೆದುಕೊಂಡು ಬರಬೇಕು. ಆಮೇಲೆ ಇಡೀ ಸರಂಜಾಮನ್ನು ಬಫಲೋ ಪಕ್ಕದಲ್ಲೇ ಕಟ್ಟಬೇಕು. ದೂರ ಕಟ್ಟಿದರೆ ಏನಾಗುತ್ತದೆ ಅನ್ನುವುದಕ್ಕೂ ಅವರಲ್ಲಿ ಉದಾಹರಣೆ ಇದೆ. ಹಿಂದಿನ ವರ್ಷ ಒಬ್ಬಳು ‘ದ ಬಫಲೋ ಈಸ್ ಇನ್ ದ ಫೀಲ್ಡ್ ವಿಚ್ ಗಿವ್ಸ್ ಮಿಲ್ಕ್’ ಅಂತ ಬರೆದಿದ್ದಳಂತೆ. ‘ಹಾಲು ಕೊಡೋ ಗದ್ದೆ ಕಣೇ ಇದು, ಮೊದಲು ಡೈರಿಗೆ ತಿಳಿಸು’ ಎಂದಿದ್ದರಂತೆ ಮೇಷ್ಟ್ರು.

ತಪ್ಪು ಹುಡುಗರದ್ದಲ್ಲ, ಎಮ್ಮೆ ಕಟ್ಟುವ ಕ್ರಮದ್ದು ಎಂಬುದು ಅವರ ವಾದ. ನನಗೂ ಅದು ಸರಿ ಅನ್ನಿಸುತ್ತದೆ. ಕನ್ನಡದಲ್ಲಿ ‘ಅಪ್ಪ ಸೊರಬದಲ್ಲಿ ಕೊಂಡ ಎಮ್ಮೆ’ ಎಂದರೆ ಮುಗಿಯಿತು. ‘ಕೊಂಡ’ ಎಂಬ ಕೃದಂತ ಮುಂದೆ ನಡೆಯುತ್ತದೆ, ಎಮ್ಮೆ ಕೊನೆಗೆ ಬರುತ್ತದೆ, ನಡುವೆ ವಿಚ್ಚಿನಂಥ ದಲ್ಲಾಳಿ ಬೇಕಿಲ್ಲ. ಇಂಗ್ಲಿಷಿನಲ್ಲಿ ಎಮ್ಮೆ ಮೊದಲು, ಅದರ ಪುರಾಣ ಹಿಂದೆ. ಮೇಷ್ಟ್ರ ‘ಯಾವ ಬಸ್ಸು... ಆ ಬಸ್ಸು’ ಕೂಡ ಕನ್ನಡವೇ, ಆದರೆ ಅದರಲ್ಲಿ ‘ಆ’ ಉಳಿಯುತ್ತದೆ. ಆ ‘ಆ’ ಇಂಗ್ಲಿಷಿಗೆ ಹೋಗುವಾಗ ‘ಇಟ್’ ಆಗಿ ಬೆನ್ನುಹತ್ತುತ್ತದೆ. ಹುಡುಗರಿಗೆ ಎರಡನೇ ಎಮ್ಮೆ ಅಂಟಿದ್ದು ತಮ್ಮ ಬಾಯಿಂದಲೇ ಇರಬಹುದು ಅಂತ ಮೇಷ್ಟ್ರಿಗೆ ಇನ್ನೂ ಯಾರೂ ಹೇಳಿಲ್ಲ.

ಅವರ ಜೀವಮಾನದ ಸಂಕಟ ಮಾತ್ರ ಬೇರೆ. ಹೂ ಆಯಿತು, ಹೂಮ್ ಆಯಿತು, ಮುಂದಿನದಕ್ಕೆ ಬಾಯಿ ತೆರೆದರೆ ಹಿಂದಿನ ಬೆಂಚು ಮೂಗು ಮುಚ್ಚಿಕೊಂಡು ಕಿಸಕ್ಕೆನ್ನುತ್ತದೆ. ಕನ್ನಡದ ಕಿವಿಗೆ ಆ ಪದ ಕೇಳುವುದೇ ಹಾಗೆ. ‘ಹೂಸ್ ಅಲ್ಲ, ಹೂಝ್!’ ಎಂದು ಮೇಜು ಗುದ್ದಿ ಗುದ್ದಿ ಅವರ ಸರ್ವಿಸೇ ಮುಗಿಯಿತು. ವಿಷಯವೂ ಅಷ್ಟೇ ಫಜೀತಿಯದು. ‘ಕೊಟ್ಟಿಗೆ ಬಿದ್ದುಹೋದ ರೈತ’ ಅಂದರೆ ನಮಗೆ ಅನುಮಾನವೇ ಇಲ್ಲ. ಹುಡುಗ ಅದನ್ನು ‘ದ ಫಾರ್ಮರ್ ಹೂ ಫೆಲ್ ಕೌಶೆಡ್’ ಅಂತ ಬರೆದುಬಿಡುತ್ತಾನೆ.

‘ಬಿದ್ದಿದ್ದು ಕೊಟ್ಟಿಗೆಯೋ ರೈತನೋ? ಹಿಸ್ ಕೌಶೆಡ್ ಫೆಲ್ ಅಂತ ಇದೆಯಲ್ಲ, ಹಿಸ್ ಇದ್ದ ಜಾಗಕ್ಕೆ ಹೂಝ್ ಬರಬೇಕು. ಬರುವಾಗ ಕೊಟ್ಟಿಗೆಯನ್ನೂ ಜೊತೆಗೆ ಹೊತ್ಕೊಂಡು ಬರಬೇಕು. ದ ಫಾರ್ಮರ್ ಹೂಝ್ ಕೌಶೆಡ್ ಫೆಲ್!’

ಹಿಂದಿನಿಂದ ಮತ್ತೆ ಕಿಸಕ್ಕೆಂದಿತು.

ಪಾಠ ಮುಗಿಸಿ ಇಬ್ಬರೂ ಚಾ ಅಂಗಡಿಗೆ ಬಂದೆವು. ಅಂಗಡಿಯವನು ಸಾಲದ ಪುಸ್ತಕ ತೆಗೆದು ಮೆತ್ತಗೆ, ‘ಮೇಷ್ಟ್ರೇ, ಇವೆರಡನ್ನ ಜಾಯಿನ್ ಮಾಡಿಕೊಡಿ. ಮೇಷ್ಟ್ರು ಚಾ ಕುಡಿದರು. ಮೇಷ್ಟ್ರು ದುಡ್ಡು ಕೊಟ್ಟಿಲ್ಲ’ ಎಂದ.

ಮೇಷ್ಟ್ರು ಸಂತೋಷದಿಂದ ಕೆಂಪು ಪೆನ್ನು ತೆಗೆದರು. ‘ದ ಟೀಚರ್ ಹೂ ಡ್ರಾಂಕ್ ಟೀ ಹ್ಯಾಸ್ ನಾಟ್ ಪೇಯ್ಡ್.’ ಬರೆದು, ಇನ್ನೊಮ್ಮೆ ಓದಿ ನೋಡಿದರು.

‘ಟೀಚರ್ ಆದಮೇಲೆ ಕಾಮಾ ಬೇಡ್ವಾ ಸಾರ್?’ ನಾನು ಕೇಳಿದೆ.

‘ಖಂಡಿತ ಬೇಡ. ಟೀಚರ್ ಆದಮೇಲೊಂದು, ಟೀ ಆದಮೇಲೊಂದು ಕಾಮಾ ಹಾಕಿದರೆ ಟೀಚರ್ ಒಬ್ಬನೇ, ಅವನು ಯಾರು ಅಂತ ಮೊದಲೇ ಗೊತ್ತು ಅಂತ ಅರ್ಥ. ಹಾಕದಿದ್ರೆ ಟೀಚರ್‌ಗಳು ಸುಮಾರು ಜನ ಇದ್ದಾರೆ, ಅದರಲ್ಲಿ ಚಾ ಕುಡಿದವನು ಯಾರು ಅಂತ ಇವನೇ ಹುಡುಕಬೇಕು’ ಎಂದು ಪುಸ್ತಕ ಮಡಚಿ ಅವನ ಕೈಗೆ ಕೊಟ್ಟು, ಛತ್ರಿ ತಗೊಂಡು ಹೊರಟರು.