ಅಕ್ಷರ ಎಣಿಸಿ ಬಿಲ್ಲು ಮಾಡುವವರಿಗೆ ಒಂದು ಬಹಿರಂಗ ಪತ್ರ

ಭಾಷಾಂತರ ಮತ್ತು ಧ್ವನಿ ಎಪಿಐಗಳ ದರಪಟ್ಟಿ ಬರೆಯುವ ಮಾನ್ಯರೇ,

ನಿಮ್ಮ ದರಪಟ್ಟಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವುದು ಎರಡೇ ಸಾಲು. ಹತ್ತು ಲಕ್ಷ ಕ್ಯಾರೆಕ್ಟರ್‌ಗೆ ಇಷ್ಟು ಡಾಲರ್ ಎಂಬುದು ಒಂದು, ಪ್ರತಿ ತಿಂಗಳು ಇಷ್ಟು ಉಚಿತ ಎಂಬುದು ಇನ್ನೊಂದು. ಕನ್ನಡದ ಸಣ್ಣ ಪತ್ರಿಕೆಯವರು, ಕೇಳುಪುಸ್ತಕ ಮಾಡುವವರು, ಸುತ್ತೋಲೆಗಳನ್ನು ಬೇರೆ ಭಾಷೆಗೆ ಕೊಡಬೇಕಾದ ಸಂಘಸಂಸ್ಥೆಯವರು ಈ ಎರಡು ಸಾಲನ್ನು ನಂಬಿಕೊಂಡು ತಿಂಗಳ ಖರ್ಚು ಅಂದಾಜು ಮಾಡುತ್ತಾರೆ. ಅಂತಹವರ ಜೊತೆ ಕೆಲಸ ಮಾಡುವವನು ನಾನು. ಅವರ ಅಂದಾಜಿಗೂ ನಿಮ್ಮ ಬಿಲ್ಲಿಗೂ ತಾಳೆಯಾಗುವುದಿಲ್ಲ. ಯಾಕೆ ಆಗುವುದಿಲ್ಲ ಎಂಬುದನ್ನು ನಿಮ್ಮ ಮುಂದೆಯೂ ಓದುಗರ ಮುಂದೆಯೂ ಬಿಡಿಸಿಡುವುದಕ್ಕೆ ಈ ಪತ್ರ.

ಒಂದು ಸಾದಾ ವಾಕ್ಯ ತೆಗೆದುಕೊಳ್ಳೋಣ: 'ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಗ್ರಾಮಸಭೆ ನಡೆಯಲಿದೆ.' ಕನ್ನಡ ಕಲಿತ ಯಾರೇ ಎಣಿಸಿದರೂ ಇದರಲ್ಲಿ 19 ಅಕ್ಷರಗಳಿವೆ. ಪದಗಳ ನಡುವಿನ 5 ಖಾಲಿ ಜಾಗ, ಕೊನೆಯ ಪೂರ್ಣವಿರಾಮ ಸೇರಿಸಿದರೆ 25. ನಿಮ್ಮ ಮೀಟರು ಎಣಿಸುವುದು 45. ನೀವು ಎಣಿಸುವುದು ಯೂನಿಕೋಡ್ ಕೋಡ್ ಪಾಯಿಂಟ್‌ಗಳನ್ನು. 'ಗ್ಗೆ' ನಮಗೆ ಒಂದು ಅಕ್ಷರ, ನಿಮಗೆ ಗ, ಹಲಂತದ ಚಿಹ್ನೆ, ಇನ್ನೊಂದು ಗ, ಎತ್ವ ಹೀಗೆ ನಾಲ್ಕು. 'ರಾಷ್ಟ್ರೀಯ' ಎಂಬ ಮೂರಕ್ಷರದ ಪದಕ್ಕೆ ಒಂಬತ್ತು.

ಇಲ್ಲಿ ನ್ಯಾಯವಾದ ಮಾತನ್ನೇ ಆಡುತ್ತೇನೆ. ಕೋಡ್ ಪಾಯಿಂಟ್ ಎಣಿಸುವುದರಿಂದ ಕನ್ನಡಕ್ಕೆ ಅನ್ಯಾಯವಾಗುತ್ತಿದೆ ಎಂದು ನಾನು ದೂರುವುದಿಲ್ಲ. ಇದೇ ಸುದ್ದಿಯನ್ನು ಇಂಗ್ಲಿಷಿನಲ್ಲಿ ಸರಳವಾಗಿ ಬರೆದರೆ 52 ಕ್ಯಾರೆಕ್ಟರ್ ಆಗುತ್ತದೆ, ಕನ್ನಡದ್ದು 45ಕ್ಕೇ ಮುಗಿಯುತ್ತದೆ. ನಮ್ಮ ವಿಭಕ್ತಿಗಳು ಪದಕ್ಕೇ ಅಂಟಿಕೊಳ್ಳುವುದರಿಂದ ಖಾಲಿ ಜಾಗಗಳೂ ಕಡಿಮೆ. ನೀವು ಬೈಟ್ ಲೆಕ್ಕ ಹಿಡಿದಿದ್ದರೆ ಮಾತು ಬೇರೆಯಾಗುತ್ತಿತ್ತು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್ ಪಾಯಿಂಟಿಗೆ ಮೂರು ಬೈಟ್ ಬೇಕು, ಹಾಗಾಗಿ ಈ ವಾಕ್ಯ 123 ಬೈಟ್ ಆಗುತ್ತದೆ. ನೀವು ಆ ದಾರಿ ಹಿಡಿಯಲಿಲ್ಲ, ಅದು ಒಳ್ಳೆಯದೇ ಆಯಿತು. ನನ್ನ ದೂರು ಇರುವುದು ಬರೆದವರ ಕಣ್ಣಿಗೆ ಕಾಣದೆಯೇ ಈ 45ರ ಮೇಲೆ ಸೇರಿಕೊಳ್ಳುವ ಸಂಖ್ಯೆಗಳ ಬಗ್ಗೆ.

ಮೊದಲನೆಯದು ಅಗೋಚರ ಚಿಹ್ನೆ. 'ಬ್ಯಾಂಕ್‌ನಲ್ಲಿ' ಎಂದು ಬರೆಯುವಾಗ ಕ್ ಮತ್ತು ನ ಒಂದರ ಕೆಳಗೊಂದು ಒತ್ತಾಗಿ ಕೂರದಿರಲಿ ಎಂದು ನಡುವೆ ಒಂದು ಚಿಹ್ನೆ ಹಾಕುತ್ತೇವೆ. ಅದಕ್ಕೆ ರೂಪವಿಲ್ಲ, ಅಗಲವಿಲ್ಲ, ಉಚ್ಚಾರಣೆಯೂ ಇಲ್ಲ. ಯೂನಿಕೋಡಿನಲ್ಲಿ ಅದರ ಸಂಖ್ಯೆ U+200C. ಆ ಪದ ನಿಮ್ಮಲ್ಲಿ 13 ಆಗುತ್ತದೆ, ಅದರಲ್ಲಿ ಒಂದು ಈ ಚಿಹ್ನೆಯದು. ಹೊರಗಿನಿಂದ ಬಂದ ವ್ಯಂಜನಾಂತ ಪದಕ್ಕೆ ವ್ಯಂಜನದಿಂದ ಶುರುವಾಗುವ ಕನ್ನಡದ ಪ್ರತ್ಯಯ ನೇರವಾಗಿ ಹತ್ತುವ ಕಡೆಯಲ್ಲೆಲ್ಲ ಇದು ಬೇಕಾಗುತ್ತದೆ. ಕೃಷಿ, ಬ್ಯಾಂಕು, ಕಂಪ್ಯೂಟರು ಕುರಿತ ಇಂದಿನ ಬರಹದಲ್ಲಿ ಅದಿಲ್ಲದ ಪ್ಯಾರಾ ಅಪರೂಪ. ಹಣ ಉಳಿಸಲೆಂದು ಕಿತ್ತು ಹಾಕುವಂತೆಯೂ ಇಲ್ಲ, ಕಿತ್ತರೆ ಪದದ ರೂಪವೇ ಕೆಡುತ್ತದೆ.

ಎರಡನೆಯದು ಇನ್ನೂ ಸೂಕ್ಷ್ಮ. ಕನ್ನಡದ ಕೆಲವು ಸ್ವರಚಿಹ್ನೆಗಳನ್ನು ಯೂನಿಕೋಡಿನಲ್ಲಿ ಎರಡು ಬಗೆಯಾಗಿ ಬರೆಯಬಹುದು, ಎರಡೂ ಸಮಾನ ಎಂದು ಆ ಮಾನದಂಡವೇ ಒಪ್ಪುತ್ತದೆ. 'ಕೋಲಾರ' ಎಂಬುದರ ಓತ್ವ ಒಂದೇ ಕೋಡ್ ಪಾಯಿಂಟ್ ಆಗಿರಬಹುದು, ಇಲ್ಲವೇ ಎತ್ವ, ಊತ್ವ, ದೀರ್ಘದ ಗುರುತು ಎಂಬ ಮೂರು ತುಂಡುಗಳಾಗಿರಬಹುದು. ಪರದೆಯ ಮೇಲೆ ಎರಡೂ ಒಂದೇ. ಮೊದಲ ಬಗೆಯಲ್ಲಿ ಪದ 5, ಎರಡನೆಯದರಲ್ಲಿ 7. ಈತ್ವ, ಏತ್ವ, ಐತ್ವ, ಒತ್ವಗಳೂ ಹೀಗೆ ಒಡೆಯುತ್ತವೆ. ಕಡತ ಯಾವ ತಂತ್ರಾಂಶದ ಕೈದಾಟಿ ಬಂದಿದೆ ಎಂಬುದರ ಮೇಲೆ ಯಾವ ಬಗೆ ಎಂಬುದು ನಿಂತಿದೆ, ಬರೆದವರಿಗೆ ಅದರ ಸುಳಿವೂ ಇರುವುದಿಲ್ಲ. ಇದನ್ನು ಪತ್ತೆ ಹಚ್ಚಿ ಕೂಡಿಸಲು ಪೈಥಾನಿನಲ್ಲಿ ನಾಲ್ಕು ಸಾಲು ಸಾಕು:

```python
import unicodedata
t = open("lekhana.txt", encoding="utf-8").read()
n = unicodedata.normalize("NFC", t)
print(len(t), len(n), n.count("\u200c"))
```

ಮೊದಲ ಎರಡು ಸಂಖ್ಯೆಗಳು ಬೇರೆಬೇರೆಯಾಗಿದ್ದರೆ ಪಠ್ಯದಲ್ಲಿ ಒಡೆದ ಚಿಹ್ನೆಗಳಿವೆ ಎಂದೇ ಅರ್ಥ, ಕೂಡಿಸಿದ ರೂಪವನ್ನೇ ಕಳಿಸಬೇಕು. ಮೂರನೆಯದು ಅಗೋಚರ ಚಿಹ್ನೆಗಳ ಎಣಿಕೆ.

ಮೂರನೆಯದೇ ಎಲ್ಲಕ್ಕಿಂತ ದೊಡ್ಡದು, ಜಾಲತಾಣದ ಎಡಿಟರಿನಿಂದ ಎತ್ತಿದ ಪಠ್ಯ. ಗೂಗಲ್, ಮೈಕ್ರೋಸಾಫ್ಟ್, ಅಮೆಜಾನ್ ಮೂವರ ಭಾಷಾಂತರ ಸೇವೆಗಳೂ ಖಾಲಿ ಜಾಗ ಮತ್ತು ವಿರಾಮಚಿಹ್ನೆಗಳನ್ನು ಎಣಿಸುತ್ತವೆ, ಪಠ್ಯದೊಳಗೆ ಸಿಕ್ಕಿಕೊಂಡ ಎಚ್‌ಟಿಎಂಎಲ್ ಟ್ಯಾಗುಗಳನ್ನೂ ಎಣಿಸುತ್ತವೆ. ನಮ್ಮ ವಾಕ್ಯದ ಐದು ಖಾಲಿ ಜಾಗಗಳು ಎಡಿಟರಿನ ಕೈಯಲ್ಲಿ `&nbsp;` ಎಂದಾಗಿದ್ದರೆ, ಒಂದೊಂದಕ್ಕೂ ಆರಾಗಿ 45 ಇದ್ದದ್ದು 70 ಆಗುತ್ತದೆ. ಹಳೆಯ ತಾಣಗಳಲ್ಲಿ ಕನ್ನಡದ ಒಂದೊಂದು ಚಿಹ್ನೆಯನ್ನೂ ಸಂಖ್ಯೆಯಾಗಿ ಬರೆದಿಟ್ಟಿರುವುದುಂಟು: ಕ ಎಂದರೆ `&#3221;`. ಅದನ್ನು ಹಾಗೆಯೇ ಕಳಿಸಿದರೆ ಪ್ರತಿ ಚಿಹ್ನೆಗೆ ಏಳು, ಇಡೀ ವಾಕ್ಯಕ್ಕೆ 279. ಪುಸ್ತಕದ ಪರಿವಿಡಿಯಲ್ಲಿ ಶೀರ್ಷಿಕೆಗೂ ಪುಟಸಂಖ್ಯೆಗೂ ನಡುವೆ ಸಾಲಾಗಿ ಇಟ್ಟ ಚುಕ್ಕೆಗಳಿಗೂ ಒಂದೊಂದಕ್ಕೆ ಲೆಕ್ಕ ಇದೆ. ಕಳಿಸುವ ಮುನ್ನ ಸಂಕೇತಗಳನ್ನು ಬಿಡಿಸಿ, ಟ್ಯಾಗು ಮತ್ತು ಸಾಲುಚುಕ್ಕೆಗಳನ್ನು ತೆಗೆದು, ಸಾಲುಗಟ್ಟಿದ ಖಾಲಿ ಜಾಗಗಳನ್ನು ಒಂದಕ್ಕೆ ಇಳಿಸಿದರೆ ಈ ಹೊರೆಯೆಲ್ಲ ಇಳಿಯುತ್ತದೆ.

ಧ್ವನಿಯ ಕಡೆ ನೀವುಗಳು ಒಬ್ಬರಿಗೊಬ್ಬರು ಹೊಂದುವುದೇ ಇಲ್ಲ. ವಾಕ್ಯದ ನಂತರ ಅರ್ಧ ಸೆಕೆಂಡು ಮೌನ ಬೇಕಾದರೆ `<break time="500ms"/>` ಎಂದು ಬರೆಯಬೇಕು, ಅದರ ಉದ್ದ 21. ಗೂಗಲ್‌ನ ನಿಯಮದಂತೆ `mark` ಒಂದನ್ನು ಬಿಟ್ಟು ಉಳಿದ ಎಲ್ಲ ಟ್ಯಾಗುಗಳೂ ಎಣಿಕೆಗೆ ಬರುತ್ತವೆ. ಮೈಕ್ರೋಸಾಫ್ಟ್ `speak` ಮತ್ತು `voice` ಎರಡನ್ನು ಬಿಟ್ಟು ಉಳಿದವನ್ನು ಎಣಿಸುತ್ತದೆ. ಅಮೆಜಾನಿನ ಪಾಲಿ ಟ್ಯಾಗುಗಳಿಗೆ ಬಿಲ್ಲು ಹಾಕುವುದೇ ಇಲ್ಲ. ಮೊದಲ ಎರಡು ಕಡೆ ನಮ್ಮ 45ರ ವಾಕ್ಯ ಮೌನ ಸೇರಿ ಕನಿಷ್ಠ 66 ಆಗುತ್ತದೆ, ಹೆಚ್ಚುಕಡಿಮೆ ಮೂರನೇ ಒಂದು ಪಾಲು ಯಾರೂ ಕೇಳಿಸಿಕೊಳ್ಳದ ಭಾಗಕ್ಕೆ. ಕಣ್ಣು ಕಾಣದವರಿಗಾಗಿ ಪಠ್ಯಪುಸ್ತಕ ಓದಿಸುವವರು ವಾಕ್ಯವಾಕ್ಯಕ್ಕೂ ಉಸಿರು ಬಿಡಿಸಲೇಬೇಕು. ಅಂತಹವರು ಪ್ರತಿ ವಾಕ್ಯಕ್ಕೆ ಟ್ಯಾಗು ಹಾಕುವ ಬದಲು ವಾಕ್ಯಗಳನ್ನು ಬೇರೆಬೇರೆ ಧ್ವನಿಕಡತ ಮಾಡಿಸಿಕೊಂಡು, ನಡುವಿನ ಮೌನವನ್ನು ಆಮೇಲೆ ತಾವೇ ಜೋಡಿಸಿಕೊಳ್ಳಬಹುದು. ಅದಕ್ಕೆ ಎಣಿಕೆಯೇ ಇಲ್ಲ.

ಇನ್ನು ಉಚಿತ ಪಾಲು. ಗೂಗಲ್ ಭಾಷಾಂತರದಲ್ಲಿ ತಿಂಗಳಿಗೆ 5 ಲಕ್ಷ ಕ್ಯಾರೆಕ್ಟರ್ ಉಚಿತ, ಅದನ್ನು 10 ಡಾಲರ್ ಜಮೆಯಾಗಿ ಕೊಡುತ್ತಾರೆ. ಮುಂದೆ ಹತ್ತು ಲಕ್ಷಕ್ಕೆ 20 ಡಾಲರ್. ಒಂದು ಮಾಸಪತ್ರಿಕೆಯಲ್ಲಿ 20 ಲೇಖನ, ಒಂದೊಂದೂ ಸುಮಾರು 10,000 ಕ್ಯಾರೆಕ್ಟರ್ ಎಂದಿಟ್ಟುಕೊಳ್ಳಿ. ಒಟ್ಟು 2 ಲಕ್ಷ. ಇಂಗ್ಲಿಷ್ ಮತ್ತು ಹಿಂದಿ ಎರಡಕ್ಕೂ ಬೇಕೆಂದರೆ 4 ಲಕ್ಷ, ಏಕೆಂದರೆ ಭಾಷೆ ಹೆಚ್ಚಿದಂತೆಲ್ಲ ಅದೇ ಪಠ್ಯ ಮತ್ತೆ ಎಣಿಕೆಗೆ ಬರುತ್ತದೆ. ಇಲ್ಲಿಯವರೆಗೆ ಖರ್ಚಿಲ್ಲ. ಕರಡು ತಿದ್ದಿದ ಮೇಲೆ ಸಂಚಿಕೆಯನ್ನೆಲ್ಲ ಮತ್ತೊಮ್ಮೆ ಕಳಿಸಿದರೆ 8 ಲಕ್ಷವಾಗಿ 6 ಡಾಲರ್ ಬಿಲ್ಲು ಬರುತ್ತದೆ. ಒಂದು ಅಲ್ಪವಿರಾಮ ಬದಲಾಗಿದ್ದರೂ ಲೇಖನ ಪೂರ್ತಿ ಹೊಸದೇ. ಹತ್ತರಲ್ಲಿ ಒಂದು ಪ್ಯಾರಾ ಮಾತ್ರ ಬದಲಾಗಿದೆ ಎಂದುಕೊಂಡು, ಬದಲಾದವನ್ನಷ್ಟೇ ಕಳಿಸಿ ಉಳಿದವಕ್ಕೆ ಹಳೆಯ ಭಾಷಾಂತರವನ್ನೇ ಇಟ್ಟುಕೊಂಡರೆ 4,40,000ಕ್ಕೆ ಮುಗಿಯುತ್ತದೆ, ಉಚಿತದೊಳಗೇ. ಎಡಿಟರಿನ `&nbsp;` ತುಂಬಿದ ಪಠ್ಯವಾದರೆ ಮೊದಲ ಸಲ ಕಳಿಸಿದಾಗಲೇ ನಮ್ಮ ವಾಕ್ಯದ ಪ್ರಮಾಣದಲ್ಲಿ 4 ಲಕ್ಷ ಇದ್ದದ್ದು ಸುಮಾರು 6,22,000 ಆಗಿ ಮಿತಿ ದಾಟುತ್ತದೆ.

ಮಿತಿ ದಾಟಿದಾಗ ಏನಾಗುತ್ತದೆ ಎಂಬುದೂ ಎಲ್ಲ ಕಡೆ ಒಂದೇ ಅಲ್ಲ. ಮೈಕ್ರೋಸಾಫ್ಟ್ ಟ್ರಾನ್ಸ್‌ಲೇಟರಿನ ಉಚಿತ ಯೋಜನೆಯಲ್ಲಿ ತಿಂಗಳಿಗೆ 20 ಲಕ್ಷ ಮುಗಿದ ಮೇಲೆ ಸೇವೆ ನಿಲ್ಲುತ್ತದೆ, ಬಿಲ್ಲು ಬರುವುದಿಲ್ಲ. ಗೂಗಲ್‌ನಲ್ಲಿ ಕೆಲಸ ನಿಲ್ಲದೆ ಮೀಟರು ಮುಂದೆ ಓಡುತ್ತದೆ. ಅಲ್ಲಿ ಬಜೆಟ್ ಎಚ್ಚರಿಕೆ ಹಾಕಿಟ್ಟರೆ ಮಿಂಚಂಚೆ ಬರುತ್ತದೆಯೇ ಹೊರತು ಖರ್ಚು ತಾನಾಗಿ ನಿಲ್ಲುವುದಿಲ್ಲ. ನಿಲ್ಲಬೇಕೆಂದರೆ ಕೋಟಾ ಪುಟಕ್ಕೆ ಹೋಗಿ ದಿನಕ್ಕೆ ಇಂತಿಷ್ಟೇ ಕ್ಯಾರೆಕ್ಟರ್ ಎಂದು ನಾವೇ ಕಡಿವಾಣ ಹಾಕಬೇಕು. ಸಣ್ಣ ಸಂಸ್ಥೆಗೆ ಮೊದಲ ದಿನವೇ ಗೊತ್ತಾಗಬೇಕಾದ ಸಂಗತಿ ಇದು.

ಆದ್ದರಿಂದ ನಿಮ್ಮಲ್ಲಿ ನಾಲ್ಕು ಕೋರಿಕೆಗಳಿವೆ. ಎಣಿಸುವ ಮೊದಲು ಒಡೆದ ಸ್ವರಚಿಹ್ನೆಗಳನ್ನು ಕೂಡಿಸಿಕೊಳ್ಳಿ. ಒಂದೇ ಪದಕ್ಕೆ ಎರಡು ಬೆಲೆ ಇರಬಾರದು. U+200C ಮತ್ತು ಅದರ ಜೊತೆಯ U+200Dಗಳನ್ನು ಲೆಕ್ಕದಿಂದ ಬಿಡಿ. ಅವಿಲ್ಲದೆ ನಮ್ಮ ಲಿಪಿಯಲ್ಲಿ ಸರಿಯಾಗಿ ಬರೆಯುವುದು ಸಾಧ್ಯವಿಲ್ಲ, ನಿಮ್ಮ ಯಂತ್ರಕ್ಕೂ ಅವುಗಳಿಂದ ಹೆಚ್ಚಿನ ಕೆಲಸವಿಲ್ಲ. ದರಪಟ್ಟಿಯ ಮೇಲ್ಭಾಗದಲ್ಲಿ ಇಂಗ್ಲಿಷಿನ ಉದಾಹರಣೆಯ ಜೊತೆ ಕನ್ನಡದ್ದೋ ತಮಿಳಿನದ್ದೋ ಒಂದು ವಾಕ್ಯವನ್ನೂ ಎಣಿಸಿ ತೋರಿಸಿ. ಟ್ಯಾಗು, ಖಾಲಿ ಜಾಗ, ವಿರಾಮಚಿಹ್ನೆ ಯಾವುದಕ್ಕೆ ಎಷ್ಟು ಎಂಬುದು ಅಲ್ಲೇ ಕಾಣಲಿ.

ನಾಲ್ಕನೆಯದು ಎಲ್ಲಕ್ಕಿಂತ ಸುಲಭ, ಏಕೆಂದರೆ ನಿಮ್ಮಲ್ಲೇ ಇಬ್ಬರು ಅದನ್ನು ಈಗಾಗಲೇ ಮಾಡುತ್ತಿದ್ದಾರೆ. ಮೈಕ್ರೋಸಾಫ್ಟ್ ಟ್ರಾನ್ಸ್‌ಲೇಟರಿನ ಉತ್ತರದ ಜೊತೆ `X-metered-usage` ಎಂಬ ಹೆಡರು ಬರುತ್ತದೆ, ಪಾಲಿಯ ಉತ್ತರದಲ್ಲಿ `x-amzn-RequestCharacters` ಇರುತ್ತದೆ. ಈ ಸಲದ ಕೋರಿಕೆಗೆ ಎಷ್ಟು ಎಣಿಸಿದೆವು ಎಂದು ಅವು ಹೇಳುತ್ತವೆ. ಇಂತಹ ಸಂಖ್ಯೆಯನ್ನು ಎಲ್ಲರೂ ಪ್ರತಿ ಉತ್ತರದ ಜೊತೆ ಕಳಿಸಿ. ಆಗ ಸಂಪಾದಕರು ನಮ್ಮ ಎಣಿಕೆಯನ್ನೂ ನಿಮ್ಮದನ್ನೂ ಪಕ್ಕಪಕ್ಕ ಇಟ್ಟು, ಎಲ್ಲಿ ವ್ಯತ್ಯಾಸ ಬಂತೋ ಆ ಲೇಖನವನ್ನೇ ತೆರೆದು ನೋಡಬಹುದು. ಬಿಲ್ಲು ದುಬಾರಿಯೇ ಆಗಿದ್ದರೂ ಏಕೆ ದುಬಾರಿ ಎಂಬುದು ತಿಳಿದಿರುತ್ತದೆ.

ಇಂತಿ ನಿಮ್ಮ ಸೇವೆಗಳನ್ನು ದಿನವೂ ಬಳಸುವ,
ಒಬ್ಬ ಕನ್ನಡಿಗ