ಮಿಲ್ಲು, ಮಂಡಿ ಮತ್ತು ಮಾವನ ಮನೆಯ ಉಪ್ಪಿಟ್ಟು

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಿಂದ ನನ್ನನ್ನು ಹೊರಗೆ ಹಾಕಿ ಮೂರು ದಿನವಾಗಿದೆ. ಅಪರಾಧ ಇಷ್ಟೇ: ಸೋದರಮಾವ ಬೆಳಗಿನ ತಿಂಡಿಯ ಫೋಟೊ ಹಾಕಿದರು, ಅದರ ಕೆಳಗೆ ನಾನು "ಕಾಂಕ್ರೀಟ್ ಚೆನ್ನಾಗಿ ಸೆಟ್ ಆಗಿದೆ, ಇನ್ನು ಕ್ಯೂರಿಂಗ್ ಶುರು ಮಾಡಬಹುದು" ಅಂತ ಬರೆದೆ. ಉಪ್ಪಿಟ್ಟನ್ನು ಕಾಂಕ್ರೀಟ್ ಅಂದವರಲ್ಲಿ ನಾನು ಮೊದಲನೆಯವನೂ ಅಲ್ಲ, ಕೊನೆಯವನೂ ಅಲ್ಲ. ಆದರೆ ಮಾವ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಐದೇ ನಿಮಿಷದಲ್ಲಿ ನೋಟಿಸು ಬಂತು: "ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಿನ್ನ ಮಾತಿನಿಂದ ನಮ್ಮ ಮನಸ್ಸಿಗೆ ಹಾನಿಯಾಗಿರುತ್ತದೆ."

ಫೋನು ಮಾಡಿದೆ. "ಮಾವ, ನೋವಾಗಿದೆ ಅನ್ನಿ, ಒಪ್ಪಿಕೊಳ್ತೀನಿ. ಹಾನಿ ಅನ್ನಬೇಡಿ. ಹಾನಿ ಅಂದರೆ ಏನು ಅಂತ ಮಿಲ್ ಬರೆದಿಟ್ಟಿದ್ದಾನೆ."

"ಯಾವ ಮಿಲ್ಲೋ? ನಮ್ಮ ಬಸ್ ಸ್ಟ್ಯಾಂಡ್ ಹಿಂದಿನ ಹಿಟ್ಟಿನ ಮಿಲ್ಲೇ?"

ಅಲ್ಲ. ಜಾನ್ ಸ್ಟುವರ್ಟ್ ಮಿಲ್. ಲಂಡನ್ನಿನಲ್ಲಿ ಕೂತು ಈಸ್ಟ್ ಇಂಡಿಯಾ ಕಂಪನಿಯ ಕಾಗದಪತ್ರ ಬರೆಯುತ್ತ 35 ವರ್ಷ ಕಳೆದ ಮನುಷ್ಯ. ಒಂದು ಲೆಕ್ಕದಲ್ಲಿ ಮಾವನ ಹಾಗೆಯೇ ಕಚೇರಿಯವನು. ನಿವೃತ್ತನಾದ ಮರುವರ್ಷ, 1859ರಲ್ಲಿ, "ಆನ್ ಲಿಬರ್ಟಿ" ಅನ್ನುವ ಪುಸ್ತಕ ತಂದ. ಅದರ ತಿರುಳು ಬಹಳ ಚಿಕ್ಕದು. ಒಬ್ಬನನ್ನು ಅವನ ಇಷ್ಟಕ್ಕೆ ವಿರುದ್ಧವಾಗಿ ತಡೆಯಲು ಸಮಾಜಕ್ಕೆ ಇರುವುದು ಒಂದೇ ಕಾರಣ, ಬೇರೆಯವರಿಗೆ ಹಾನಿಯಾಗದಂತೆ ನೋಡಿಕೊಳ್ಳುವುದು. ಅವನ ಒಳ್ಳೆಯದಕ್ಕೆ ಅಂತಲೋ, ನಮಗೆ ಹಿಡಿಸಲಿಲ್ಲ ಅಂತಲೋ ತಡೆಯುವ ಹಾಗಿಲ್ಲ. (ಇಷ್ಟು ಹೇಳಿದವನೇ ಅದೇ ಪುಸ್ತಕದಲ್ಲಿ, ಇನ್ನೂ ಬಲಿಯದ ಸಮಾಜಗಳಿಗೆ ಇದು ಅನ್ವಯಿಸುವುದಿಲ್ಲ ಅಂತಲೂ ಸೇರಿಸಿದ. ನಮ್ಮ ದೇಶದ ಕಡತ ಮೇಜಿನ ಮೇಲಿತ್ತಲ್ಲ, ಸಂಬಳದ ಋಣ.)

ಮಾತಿನ ವಿಷಯಕ್ಕೆ ಬಂದಾಗ ಮಿಲ್ ಒಂದು ಮಂಡಿ ಸಾಹುಕಾರನನ್ನು ಕರೆತರುತ್ತಾನೆ. ಧಾನ್ಯದ ವ್ಯಾಪಾರಿಗಳು ಬಡವರನ್ನು ಉಪವಾಸ ಕೆಡವುತ್ತಾರೆ ಅಂತ ನೀವು ಪತ್ರಿಕೆಯಲ್ಲಿ ಬರೆಯಿರಿ, ನಿಮ್ಮನ್ನು ಯಾರೂ ಮುಟ್ಟಬಾರದು. ಅದೇ ಮಾತನ್ನು ಸಾಹುಕಾರನ ಮನೆ ಬಾಗಿಲಲ್ಲಿ, ರೊಚ್ಚಿಗೆದ್ದು ನಿಂತ ಗುಂಪಿನ ಮುಂದೆ ಕೂಗಿದರೆ ಶಿಕ್ಷೆಯಾದರೂ ತಪ್ಪಿಲ್ಲ. ಆ ಗುಂಪಿಗೆ ಅದನ್ನೇ ಬರೆದ ಫಲಕ ಹಂಚಿದರೂ ಅಷ್ಟೆ. ಮೂಲದಲ್ಲಿರುವ 'ಕಾರ್ನ್' ಅನ್ನು ಮೆಕ್ಕೆಜೋಳ ಅಂತ ಓದಿಕೊಳ್ಳಬೇಡಿ. ಆ ಕಾಲದ ಇಂಗ್ಲೆಂಡಿನಲ್ಲಿ ಕಾರ್ನ್ ಅಂದರೆ ಗೋಧಿ ಮೊದಲಾದ ಧಾನ್ಯ, ಬೆಲೆ ಏರಿದರೆ ಬೀದಿಗೆ ಜನ ಬರುತ್ತಿದ್ದ ವಸ್ತು.

ನನಗೆ ಇಲ್ಲಿ ಬಹಳ ಹಿಡಿಸಿದ್ದು ಏನೆಂದರೆ, ಎರಡು ಕಡೆಯೂ ಮಾತು ಒಂದೇ. ಒಂದಕ್ಷರ ಬದಲಾಗಿಲ್ಲ. ಬದಲಾದದ್ದು ಜಾಗ, ಹೊತ್ತು, ಕೇಳುವವರ ಕೈಯಲ್ಲಿರುವ ಕಲ್ಲು. ಪತ್ರಿಕೆಯಲ್ಲಿ ಬಂದ ಮಾತಿಗೆ ಸಾಹುಕಾರ ಮರುದಿನ ಉತ್ತರ ಬರೆಯಬಹುದು. ಬಾಗಿಲಲ್ಲಿ ಕೂಗಿದ ಮಾತಿಗೆ ಉತ್ತರ ಕೊಡುವಷ್ಟರಲ್ಲಿ ಕಿಟಕಿ ಇರುವುದಿಲ್ಲ. ಹಾಗಾಗಿ ಮಾತು ಎಷ್ಟು ಕಹಿ ಅಂತ ನಾಲಿಗೆಯ ಮೇಲಿಟ್ಟು ನೋಡುವುದಕ್ಕಿಂತ, ಉತ್ತರ ಕೊಡಲು ಹೊತ್ತು ಉಳಿದಿದೆಯೇ ಅಂತ ನೋಡುವುದೇ ಸರಿಯಾದ ಪರೀಕ್ಷೆ.

"ಹಾಗಾದ್ರೆ ನನಗಾದ ಕಿರಿಕಿರಿಗೆ ಬೆಲೆ ಇಲ್ವಾ?" ಅಂದರು ಮಾವ.

ಕಿರಿಕಿರಿಗೆ ನಮ್ಮ ದೇಶದಲ್ಲಿ ಒಂದು ಕಾಲಕ್ಕೆ ಮೂರು ವರ್ಷ ಜೈಲಿನ ಬೆಲೆಯಿತ್ತು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂ ಪ್ರಕಾರ, ಸುಳ್ಳು ಅಂತ ಗೊತ್ತಿದ್ದೂ ಕಿರಿಕಿರಿ ಮಾಡಲೆಂದೇ ಸಂದೇಶ ಕಳಿಸುವುದು ಅಪರಾಧ, ಅನನುಕೂಲ ಮಾಡಲೆಂದು ಕಳಿಸುವುದೂ ಅಪರಾಧ. ತೀರಾ ಮನನೋಯಿಸುವ ಸಂದೇಶವಾದರೆ ಸುಳ್ಳಾಗಿರಬೇಕೆಂದೂ ಇರಲಿಲ್ಲ. ಬೆಳಗಿನ ಐದು ಗಂಟೆಗೆ ಗುಲಾಬಿ ಹೂವಿನ ಶುಭೋದಯ ಕಳಿಸುವ ಮಾವನೇ ಆ ಬಲೆಯ ಅಂಚಿನಲ್ಲಿ ಓಡಾಡುತ್ತಿದ್ದರು. ನಿಜವಾಗಿ ಸಿಕ್ಕಿಬಿದ್ದವರು ಇಬ್ಬರು ಹುಡುಗಿಯರು. 2012ರ ನವೆಂಬರ್, ಬಾಳ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಆದದ್ದರ ಬಗ್ಗೆ ಪಾಲ್ಘರಿನ ಹುಡುಗಿಯೊಬ್ಬಳು ಫೇಸ್‌ಬುಕ್ಕಿನಲ್ಲಿ ನಾಲ್ಕು ಮಾತು ಬರೆದಳು, ಇನ್ನೊಬ್ಬಳು ಲೈಕ್ ಒತ್ತಿದಳು. ಪೊಲೀಸರು ಇಬ್ಬರನ್ನೂ ಬಂಧಿಸಿದರು. ಅತ್ತ ಒಂದು ಗುಂಪು ಹೋಗಿ ಆ ಹುಡುಗಿಯರಲ್ಲೊಬ್ಬಳ ಚಿಕ್ಕಪ್ಪನ ಆಸ್ಪತ್ರೆಯನ್ನು ಒಡೆದು ಹಾಕಿತು.

ಮಿಲ್ಲನ ಚಿತ್ರವನ್ನು ಇಲ್ಲಿ ಹಿಡಿದು ನೋಡಿ. ಬಾಗಿಲು ಇದೆ, ಗುಂಪು ಇದೆ, ಕಲ್ಲೂ ಇದೆ. ಆದರೆ ಬಾಗಿಲ ಒಳಗಿರುವುದು ಮಾತಾಡಿದವಳ ಕಡೆಯವರು! ಕಾನೂನು ಹಿಡಿದದ್ದೂ ಅವಳನ್ನೇ. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 66ಎಯನ್ನು ಪೂರ್ತಿ ರದ್ದು ಮಾಡಿತು. ಚರ್ಚೆ ಬೇರೆ, ಒಂದು ಪಕ್ಷ ಹಿಡಿದು ವಾದಿಸುವುದು ಬೇರೆ, ಪ್ರಚೋದನೆ ಬೇರೆ, ಮಾತು ಪ್ರಚೋದನೆಯ ಮಟ್ಟ ಮುಟ್ಟಿದಾಗ ಮಾತ್ರ ತಡೆಯ ಪ್ರಶ್ನೆ ಏಳುತ್ತದೆ ಅಂತ ತೀರ್ಪು ವಿಂಗಡಿಸಿತು. ಮಿಲ್ಲನ ಸಾಹುಕಾರ 156 ವರ್ಷ ನಡೆದು ದೆಹಲಿಗೆ ಬಂದು ಮುಟ್ಟಿದ.

ಇದು ಬೇರೆಯವರ ವಿಷಯದಲ್ಲಿ ಸುಲಭವಾಗಿ ಒಪ್ಪಿಗೆಯಾಗುತ್ತದೆ. ನಮ್ಮ ಬುಡಕ್ಕೆ ಬಂದಾಗ ಗೊತ್ತಾಗುವುದು. 2025ರ ಮೇ ತಿಂಗಳಲ್ಲಿ ಕಮಲ್ ಹಾಸನ್ ಚೆನ್ನೈನ ವೇದಿಕೆಯಲ್ಲಿ ಕನ್ನಡ ತಮಿಳಿನಿಂದ ಹುಟ್ಟಿತು ಅಂದರು. ನನಗೂ ರೇಗಿತು, ಮುಚ್ಚಿಡುವುದೇಕೆ. ಎರಡೂ ಒಂದೇ ಮೂಲದಿಂದ ಕವಲೊಡೆದ ಭಾಷೆಗಳು ಅಂತ ಭಾಷಾಶಾಸ್ತ್ರ ಓದಿದವರು ಹೇಳುತ್ತಾರೆ, ಅಕ್ಕನನ್ನು ಅಮ್ಮ ಅಂದರೆ ಹೇಗೆ? ಆದರೆ ರೇಗುವುದು ಹಾನಿಯೇ? ಉತ್ತರ ಕೊಡಲು ನಮಗೆ ಹೊತ್ತು ಬೇಕಾದಷ್ಟಿತ್ತು, ಪತ್ರಿಕೆಗಳ ತುಂಬ ಕೊಟ್ಟೆವು ಕೂಡ. ಆದರೂ ಕ್ಷಮೆ ಕೇಳದಿದ್ದರೆ ಅವರ "ಥಗ್ ಲೈಫ್" ಇಲ್ಲಿ ತೆರೆ ಕಾಣುವುದಿಲ್ಲ ಅಂತಾಯಿತು. ಜೂನ್ 5ಕ್ಕೆ ಬೇರೆ ಕಡೆ ಬಿಡುಗಡೆಯಾದ ಚಿತ್ರ ಕರ್ನಾಟಕದಲ್ಲಿ ಬರಲಿಲ್ಲ. ಚಿತ್ರಮಂದಿರಕ್ಕೆ ಏನಾದೀತೋ ಅನ್ನುವ ಅಂಜಿಕೆ. ಸೆನ್ಸಾರ್ ಪ್ರಮಾಣಪತ್ರ ಸಿಕ್ಕಿದ ಚಿತ್ರವನ್ನು ಬಿಡುಗಡೆ ಮಾಡಲೇಬೇಕು, ಬೀದಿಯ ಗುಂಪಿಗೆ ಅದನ್ನು ಬಿಟ್ಟುಕೊಡಲಾಗದು ಅಂತ ಸುಪ್ರೀಂ ಕೋರ್ಟು ಹೇಳಬೇಕಾಯಿತು. ಮಾತಿನಿಂದ ಶಾಂತಿ ಕೆಡುತ್ತದೆ ಅನ್ನುವಾಗ, ಕೆಡಿಸುವವರು ಯಾರು ಅಂತ ಒಮ್ಮೆ ಕೇಳಿ ನೋಡಿ. ಎಷ್ಟೋ ಸಲ ಕೆಡಿಸುತ್ತೇವೆ ಅಂದವರೇ ದೂರು ಹಿಡಿದು ನಿಂತಿರುತ್ತಾರೆ.

"ಅಂದ್ರೆ ಏನು ಬೇಕಾದ್ರೂ ಒದರಬಹುದು? ತುಂಬಿದ ಥಿಯೇಟರಿನಲ್ಲಿ ಬೆಂಕಿ ಬೆಂಕಿ ಅಂತ ಕೂಗಿದ್ರೆ?" ಮಾವ ವಾರಕ್ಕೊಮ್ಮೆಯಾದರೂ ಈ ಬೆಂಕಿ ಹಚ್ಚುತ್ತಾರೆ. ಅದನ್ನು ಊರೆಲ್ಲ ಹಬ್ಬಿಸಿದ್ದು 1919ರಲ್ಲಿ ಅಮೆರಿಕದ ನ್ಯಾಯಮೂರ್ತಿ ಹೋಮ್ಸ್. ಆ ಮೊಕದ್ದಮೆಯಲ್ಲಿ ಥಿಯೇಟರೂ ಇರಲಿಲ್ಲ, ಬೆಂಕಿಯೂ ಇರಲಿಲ್ಲ. ಕಡ್ಡಾಯ ಸೈನ್ಯಭರ್ತಿಯನ್ನು ವಿರೋಧಿಸಿ ಅಂತ ಕರಪತ್ರ ಹಂಚಿದವನನ್ನು ಜೈಲಿಗೆ ಕಳಿಸಲು ಆ ಉಪಮೆ ಬಂತು. ಸುಳ್ಳು ಬೆಂಕಿಯನ್ನು ತಡೆಯಬೇಕು, ಸರಿ. ಆದರೆ ಉಪಮೆ ಕೈಗೆ ಸಿಕ್ಕ ಸರ್ಕಾರ ಬೆಂಕಿಪೊಟ್ಟಣ ಮಾರುವವನನ್ನೂ ಬಿಡುವುದಿಲ್ಲ.

ನಿಜವಾದ ಸುಳ್ಳು ಬೆಂಕಿಯನ್ನು ನಾನು ಕಂಡದ್ದು 2012ರ ಆಗಸ್ಟಿನಲ್ಲಿ, ಬೆಂಗಳೂರಿನಲ್ಲಿ. ಅಸ್ಸಾಮಿನ ಕೊಕ್ರಝಾರ್ ಕಡೆ ಗಲಭೆಯಾಗಿತ್ತು. ಇಲ್ಲಿರುವ ಈಶಾನ್ಯದವರ ಮೇಲೆ ಹಲ್ಲೆಯಾಗುತ್ತದೆ ಅನ್ನುವ ಎಸ್‌ಎಂಎಸ್ ಮೊಬೈಲಿನಿಂದ ಮೊಬೈಲಿಗೆ ಓಡಿತು. ನಮ್ಮ ಕಟ್ಟಡದ ವಾಚ್‌ಮನ್ ಹುಡುಗ ಅಸ್ಸಾಮಿನವನು. ರಾತ್ರಿ ಬಾಗಿಲು ಬಡಿದು ಪಂಪ್‌ಹೌಸಿನ ಬೀಗದ ಕೈ ನನ್ನ ಕೈಗಿಟ್ಟ. "ನೀರು ಬೆಳಗ್ಗೆ ಆರಕ್ಕೆ ಬಿಡಿ ಸಾರ್" ಅಂದ. ಏನೂ ಆಗೋದಿಲ್ಲ ಕಣೋ ಅಂದೆ. ಅವನು ಮೊಬೈಲು ತೋರಿಸಿದ. ಮನೆಯಿಂದ ತಾಯಿ ಬೇರೆ ಅಳುತ್ತಿದ್ದಳಂತೆ. ಗುವಾಹಟಿಗೆ ವಿಶೇಷ ರೈಲು ಬಿಟ್ಟರು, ಸಾವಿರಾರು ಜನ ಕೆಲಸ ಬಿಟ್ಟು ಹತ್ತಿ ಹೋದರು.

ಮಿಲ್ಲನ ಲೆಕ್ಕ ಇಲ್ಲಿ ತಡವರಿಸುತ್ತದೆ. ಅವನ ಕತೆಯಲ್ಲಿ ಫಲಕ ಹಂಚಿದ್ದು ಗುಂಪಿಗೆ. ಇಲ್ಲಿ ಫಲಕವನ್ನು ತಂದು ಕೊಟ್ಟದ್ದು ಸಾಹುಕಾರನ ಕೈಗೇ. ಬಾಗಿಲಲ್ಲಿ ಗುಂಪು ಇರಲೇಬೇಕಾಗಿರಲಿಲ್ಲ, ಗುಂಪು ಬರುತ್ತಿದೆ ಅನ್ನುವ ಸುದ್ದಿಯೇ ಗುಂಪಿನ ಕೆಲಸ ಮಾಡಿತು. ಅದು ಅಭಿಪ್ರಾಯವೂ ಅಲ್ಲ, ಚರ್ಚೆಗೆ ಕೂರಲು. ಸರ್ಕಾರ ಸಗಟು ಎಸ್‌ಎಂಎಸ್ ನಿಲ್ಲಿಸಿ, ಹದಿನೈದು ದಿನದ ಮಟ್ಟಿಗೆ ಒಬ್ಬರಿಗೆ ದಿನಕ್ಕೆ 5 ಸಂದೇಶ ಅಂದಿತು, ಆಮೇಲೆ ಅದನ್ನು 20 ಮಾಡಿತು. ಹಾನಿ ತತ್ವಕ್ಕೆ ಒಪ್ಪುವ ತಡೆಯೇ ಇದು? ಕಾರಣ ಒಪ್ಪುತ್ತೇನೆ. ಅಳತೆ ನೋಡಿದರೆ, ಊರಿನಲ್ಲಿ ಒಬ್ಬ ಕೂಗಿದ ಅಂತ ದೇಶಕ್ಕೆಲ್ಲ ಬಾಯಿಬೀಗ. ಭಯ ಬೇಡ ಅಂತ ಅಂಥ ಹತ್ತು ಹುಡುಗರಿಗೆ ಒಬ್ಬ ಬರೆಯುವುದಿದ್ದರೂ ಅವನ ಕೋಟಾ ಐದೇ.

ಆರು ವರ್ಷಕ್ಕೆ ಇನ್ನೂ ಕೆಟ್ಟದ್ದು ಬಂತು. ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ವೀಡಿಯೊ 2018ರಲ್ಲಿ ದೇಶದಲ್ಲೆಲ್ಲ ಹರಿದಾಡಿತು. ಅದರಲ್ಲೊಂದು, ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಅರಿವು ಮೂಡಿಸಲು ತೆಗೆದದ್ದು. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ, ಆಮೇಲೆ ವಾಪಸು ತಂದುಬಿಟ್ಟು ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಯಾರೋ ಕೊನೆಯನ್ನು ಕತ್ತರಿಸಿದರು, ಅಷ್ಟೇ. ಜುಲೈಯಲ್ಲಿ ಹೈದರಾಬಾದಿನ ಕಡೆಯಿಂದ ಬೀದರ್ ಜಿಲ್ಲೆಗೆ ಬಂದಿದ್ದ ಗೆಳೆಯರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕಲೇಟು ಕೊಟ್ಟರು. ಸುದ್ದಿ ಅವರ ಕಾರಿಗಿಂತ ಮುಂದೆ ಓಡಿ ಮುರ್ಕಿಯಲ್ಲಿ ರಸ್ತೆಗೆ ಅಡ್ಡ ನಿಂತಿತು. ಒಬ್ಬ ಇಂಜಿನಿಯರ್ ಹೊಡೆತಕ್ಕೆ ಸತ್ತ.

ಇಲ್ಲಿ ಕೂಗಿದವನು ಯಾರು? ವಾರಗಟ್ಟಲೆ ಹಿಂದೆ ಎಲ್ಲೋ ಫಾರ್ವರ್ಡ್ ಒತ್ತಿದವನ ಮುಂದೆ ಯಾವ ಗುಂಪೂ ಇರಲಿಲ್ಲ, ಸೋಫಾದಲ್ಲಿ ಕಾಫಿ ಹೀರುತ್ತಿದ್ದ. ಮಿಲ್ಲನ ಪ್ರಕಾರ ಅವನದು ಪತ್ರಿಕೆಯ ಮಾತು. ಕಾರು ಬರುತ್ತಿದೆ, ಹಿಡಿಯಿರಿ ಅಂತ ಮುಂದಿನ ಊರಿಗೆ ಕಳಿಸಿದವನದು ಬಾಗಿಲ ಮಾತು. ನನ್ನ ಮಟ್ಟಿಗೆ ಎರಡನೆಯವನಿಗೆ ಶಿಕ್ಷೆ, ಮೊದಲನೆಯವನ ದಾರಿಗೆ ಹಂಪು. ಆ ತಿಂಗಳೇ ವಾಟ್ಸಾಪ್ ಭಾರತದಲ್ಲಿ ಒಮ್ಮೆಗೆ ಐದೇ ಕಡೆ ಫಾರ್ವರ್ಡ್ ಅನ್ನುವ ಹಂಪು ಹಾಕಲು ಹೊರಟಿತು. ಯಾರ ಮಾತನ್ನೂ ಅಳಿಸದೆ ಓಟವನ್ನಷ್ಟೇ ನಿಧಾನ ಮಾಡುವುದು, ಅಂದರೆ ಉತ್ತರಕ್ಕೆ ಹೊತ್ತು ಹುಟ್ಟಿಸುವುದು. ಮಿಲ್ಲನಿಗೆ ಈ ಉಪಾಯ ಹೊಳೆದಿರಲಿಲ್ಲ, ಅವನ ಕಾಲದ ಮಾತಿಗೆ ಆ ವೇಗವೂ ಇರಲಿಲ್ಲ.

"ಆಯ್ತಪ್ಪ, ಭಾನುವಾರ ತಿಂಡಿಗೆ ಬಾ, ಮಿಕ್ಕಿದ್ದು ಅಲ್ಲಿ ಮಾತಾಡೋಣ" ಅಂದರು ಮಾವ.

ಹೋದೆ. ಬಾಗಿಲಲ್ಲೇ ಹುರಿದ ರವೆಯ ವಾಸನೆ ಮೂಗಿಗೆ ಬಡಿಯಿತು. ಒಂಬತ್ತೂವರೆಯಾದರೂ ತಿಂಡಿಯಾಗಿರದ ಮೊಮ್ಮಕ್ಕಳು ಆರು ಜನ ತಟ್ಟೆ ಬಡಿಯುತ್ತ ಅಡುಗೆಮನೆಯ ಮುಂದೆ ಜಮಾಯಿಸಿದ್ದರು. ಅತ್ತೆ ಸೌಟು ಹಿಡಿದು ಹೊಸ್ತಿಲಲ್ಲಿ ನಿಂತು ನನ್ನನ್ನೇ ನೋಡಿದರು. "ಏನೋ ಅಂದಿದ್ಯಂತಲ್ಲ ಗ್ರೂಪಲ್ಲಿ, ಈಗ ಹೇಳಪ್ಪ ನೋಡೋಣ."

ಮಂಡಿ, ಬಾಗಿಲು, ಹಸಿದ ಗುಂಪು, ಮೂರೂ ಕೂಡಿಬಂದಿದ್ದವು. ನಾನು ತಟ್ಟೆ ಮುಂದಕ್ಕೆ ಹಿಡಿದೆ.